ಸಂಗಾತಿಗೊಂದು ಎಂಟು ಸಾಲಿನ ಕವಿತೆ: ಮೊದಲ ಸಲ ಬರೆಯುವವರಿಗೆ

"ಹೆಂಡತಿಗೆ ಒಂದು ಸಣ್ಣ ಕವಿತೆ ಬರೆದುಕೊಡಬೇಕು, ಹೇಗೆ ಶುರು ಮಾಡಲಿ?" "ಗಂಡನ ಬಗ್ಗೆ ಬರೆಯೋಕೆ ಕೂತರೆ ಹಳೇ ಸಿನಿಮಾ ಹಾಡಿನ ಥರ ಆಗುತ್ತೆ, ಏನು ಮಾಡಲಿ?" ಈ ಎರಡು ಪ್ರಶ್ನೆ ಪದೇ ಪದೇ ಬರುತ್ತವೆ. ಇಬ್ಬರಿಗೂ ಉತ್ತರ ಒಂದೇ: ಪ್ರೀತಿಯ ಬಗ್ಗೆ ಬರೆಯಬೇಡಿ, ದಿನಾ ನಡೆಯುವ ಒಂದು ಸಣ್ಣ ಸಂಗತಿಯ ಬಗ್ಗೆ ಬರೆಯಿರಿ. ಅದನ್ನು ಹೇಗೆ ಆರಿಸುವುದು, ಹೇಗೆ ಸಾಲು ಮಾಡುವುದು, ಲಯಕ್ಕೆ ಹೇಗೆ ಕೂರಿಸುವುದು ಅನ್ನುವುದನ್ನು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಮಾಡಿ ತೋರಿಸುತ್ತೇನೆ.

ಬೇಕಾಗುವುದು ಒಂದು ನೋಟ್‌ಬುಕ್, ಪೆನ್ಸಿಲ್, ಮತ್ತು ಸುಮಾರು ಒಂದು ವಾರ. ಒಂದೇ ರಾತ್ರಿ ಕೂತು ಮುಗಿಸಲು ಹೋಗಬೇಡಿ. ನಾಳೆ ಹುಟ್ಟುಹಬ್ಬ, ಇವತ್ತು ಕವಿತೆ ಅಂದರೆ ಕೈಗೆ ಸಿಗುವುದು ಬೇರೆಯವರು ಬಳಸಿ ಬಿಟ್ಟ ಮಾತುಗಳೇ.

1. ಒಂದು ಕೆಲಸವನ್ನು ಆರಿಸಿ, ಒಂದು ಗುಣವನ್ನಲ್ಲ

ಹೊಸಬರು ಮೊದಲು ಎಡವುವುದು ಇಲ್ಲೇ. "ಅವಳು ತುಂಬಾ ಕಾಳಜಿ ಮಾಡುತ್ತಾಳೆ", "ಅವನು ತಾಳ್ಮೆಯವನು" ಅಂತ ಶುರು ಮಾಡುತ್ತಾರೆ. ಕಾಳಜಿ, ತಾಳ್ಮೆ ಎಲ್ಲ ಗುಣಗಳು. ಗುಣ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕೆಲಸ. ಆ ಮನುಷ್ಯ ಕೈಯಿಂದ, ಕಾಲಿಂದ, ಬಾಯಿಂದ ಏನು ಮಾಡುತ್ತಾರೆ ಅನ್ನುವುದನ್ನು ನೋಡಿ.

ಒಂದು ವಾರ ಸುಮ್ನೆ ಗಮನಿಸಿ, ದಿನಕ್ಕೊಂದೆರಡು ಸಾಲು ಗುರುತು ಹಾಕಿಕೊಳ್ಳಿ. ಓದುತ್ತಿದ್ದ ಪುಸ್ತಕದ ಪುಟಕ್ಕೆ ಗುರುತಾಗಿ ಬಾಚಣಿಗೆ ಇಡುವುದು. ಫೋನಿನಲ್ಲಿ ಮಾತಾಡುವಾಗ ಮನೆಯೆಲ್ಲ ಸುತ್ತುವುದು. ನೀವು ನಿದ್ದೆ ಹೋದ ಮೇಲೆ ನಿಮ್ಮ ಫೋನನ್ನೂ ಚಾರ್ಜಿಗೆ ಹಾಕುವುದು. ವಾರದ ಕೊನೆಗೆ ಪಟ್ಟಿ ನೋಡಿ ಒಂದನ್ನು ಮಾತ್ರ ಆರಿಸಿ.

ಆರಿಸುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಸಂಗತಿಯನ್ನು ಪಕ್ಕದ ಮನೆಯವರ ಬಗ್ಗೆಯೂ ಹೀಗೇ ಬರೆಯಬಹುದೇ? ಬರೆಯಬಹುದು ಅಂದರೆ ಬಿಡಿ. ಇದನ್ನು ಓದಿದರೆ ಸಂಗಾತಿಗೆ "ಅಯ್ಯೋ, ಇದನ್ನೂ ನೋಡಿದ್ದೀಯಾ?" ಅನ್ನಿಸುತ್ತದೆಯೇ? ಅನ್ನಿಸುತ್ತದೆ ಅಂದರೆ ಅದನ್ನೇ ಹಿಡಿಯಿರಿ. ಸ್ವಲ್ಪ ಕಿರಿಕಿರಿ ಮಾಡುವ ಅಭ್ಯಾಸವಾದರೆ ಇನ್ನೂ ಒಳ್ಳೆಯದು. ಬರೀ ಹೊಗಳಿಕೆಯಲ್ಲಿ ಇಬ್ಬರು ಮನುಷ್ಯರು ಕಾಣುವುದಿಲ್ಲ, ಕಿರಿಕಿರಿಯಲ್ಲಿ ಕಾಣುತ್ತಾರೆ.

ಇಡೀ ಪಟ್ಟಿಯನ್ನೇ ಕವಿತೆಗೆ ತುರುಕಬೇಡಿ. ಎಂಟು ಸಾಲಿನಲ್ಲಿ ಎಂಟು ಅಭ್ಯಾಸ ಬಂದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

2. ಮೊದಲು ಗದ್ಯದಲ್ಲಿ ಬರೆಯಿರಿ

ಕವಿತೆ ಅನ್ನುವುದನ್ನು ಮರೆತು, ಗೆಳೆಯರಿಗೆ ಹೇಳಿದ ಹಾಗೆ ನಡೆದದ್ದನ್ನು ಬರೆಯಿರಿ. ಹೋಲಿಕೆ ಬೇಡ, ಚಂದ್ರ ನಕ್ಷತ್ರ ಬೇಡ. ಒಬ್ಬ ಹೆಂಡತಿ ಗಂಡನ ಬಗ್ಗೆ ಬರೆಯುತ್ತಿದ್ದಾಳೆ ಎಂದುಕೊಳ್ಳೋಣ. ಅವಳ ಟಿಪ್ಪಣಿ ಹೀಗಿದೆ:

"ಹೊರಡುವಾಗ ಬೀಗ ಹಾಕುವುದು ಯಾವಾಗಲೂ ನೀನೇ. ಹಾಕಿದ ಮೇಲೆ ಎಳೆದು ನೋಡುತ್ತೀಯ. ಅಷ್ಟರಲ್ಲಿ ನಾನು ಚೀಲ ಹಿಡಿದು ಕೆಳಗೆ ಇಳಿದಿರುತ್ತೇನೆ. ನೀನು ಮೂರು ಮೆಟ್ಟಿಲು ಇಳಿಯುತ್ತೀಯ, ನಿಲ್ಲುತ್ತೀಯ, ಮತ್ತೆ ಹತ್ತಿ ಹೋಗಿ ಇನ್ನೊಮ್ಮೆ ಎಳೆಯುತ್ತೀಯ. ನನಗೆ ಸಿಟ್ಟು ಬರುತ್ತದೆ. ಹೊತ್ತಾಯ್ತು ಬಾ ಅಂತ ಕೂಗುತ್ತೇನೆ. ನಿನಗೆ ಎಲ್ಲದರಲ್ಲೂ ಜವಾಬ್ದಾರಿ ಜಾಸ್ತಿ. ಮೊನ್ನೆ ನೀನು ಊರಲ್ಲಿರಲಿಲ್ಲ. ನಾನೊಬ್ಬಳೇ ಹೊರಟೆ. ನೋಡಿದರೆ, ಮೂರು ಮೆಟ್ಟಿಲು ಇಳಿದವಳು ನಾನೂ ವಾಪಸ್ ಹತ್ತಿದ್ದೆ."

ಇಷ್ಟೇ ಸಾಕು. ಕವಿತೆಗೆ ಬೇಕಾದದ್ದೆಲ್ಲ ಇದರಲ್ಲಿದೆ.

3. ತಿರುವನ್ನು ಹುಡುಕಿ, ವಿವರಣೆಯನ್ನು ತೆಗೆಯಿರಿ

ತಿರುವು ಅಂದರೆ ಮೊದಲರ್ಧದ ಅರ್ಥವನ್ನು ಎರಡನೇ ಅರ್ಧ ಬದಲಾಯಿಸುವ ಜಾಗ. ಮೇಲಿನ ಟಿಪ್ಪಣಿಯಲ್ಲಿ ಅದು "ಮೊನ್ನೆ ನೀನು ಊರಲ್ಲಿರಲಿಲ್ಲ" ಅನ್ನುವಲ್ಲಿದೆ. ಅಲ್ಲಿಯವರೆಗೆ ಅವನ ಅಭ್ಯಾಸ ಅವಳಿಗೆ ಬರೀ ಕಿರಿಕಿರಿ. ಅಲ್ಲಿಂದಾಚೆಗೆ ಅದೇ ಅಭ್ಯಾಸ ಅವಳದೂ ಆಗಿದೆ. ಪ್ರೀತಿ ಅನ್ನುವ ಮಾತು ಎಲ್ಲೂ ಇಲ್ಲ, ಆದರೂ ಅದು ಇರುವುದು ಅಲ್ಲೇ, ಅಲ್ವಾ?

ನಿಮ್ಮ ಟಿಪ್ಪಣಿಯಲ್ಲಿ ತಿರುವು ಕಾಣದಿದ್ದರೆ ಹೀಗೆ ಹುಡುಕಿ: ಆ ಸಂಗತಿ ಒಂದು ದಿನ ನಡೆಯದೇ ಹೋದಾಗ ಏನಾಯಿತು? ಅದನ್ನು ನೀವೇ ಮಾಡಬೇಕಾಗಿ ಬಂದಾಗ ಏನಾಯಿತು? ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೆ ಉತ್ತರ ಸಿಗುತ್ತದೆ. ಸಿಗದಿದ್ದರೆ ಪಟ್ಟಿಗೆ ವಾಪಸ್ ಹೋಗಿ ಇನ್ನೊಂದು ಸಂಗತಿ ತೆಗೆದುಕೊಳ್ಳಿ. ನಡೆಯದ ಘಟನೆಯನ್ನು ಮಾತ್ರ ಕಟ್ಟಬೇಡಿ. ಈ ಕವಿತೆ ಓದುವವರಿಗೆ ಆ ಮನೆ ಚೆನ್ನಾಗಿ ಗೊತ್ತು.

ಈಗ ಪೆನ್ಸಿಲ್ ಹಿಡಿದು ವಿವರಣೆಗಳನ್ನು ಹೊಡೆದು ಹಾಕಿ. "ನಿನಗೆ ಎಲ್ಲದರಲ್ಲೂ ಜವಾಬ್ದಾರಿ ಜಾಸ್ತಿ" ಹೋಗಲಿ. ಎರಡು ಸಲ ಬೀಗ ಎಳೆಯುವವನ ಜವಾಬ್ದಾರಿಯನ್ನು ಬೇರೆ ಹೇಳಬೇಕಿಲ್ಲ. "ನನಗೆ ಸಿಟ್ಟು ಬರುತ್ತದೆ" ಅನ್ನುವುದೂ ಹೋಗಲಿ, ಕೂಗುವುದರಲ್ಲೇ ಸಿಟ್ಟು ಇದೆ. ಉಳಿಯಬೇಕಾದ್ದು ಬೀಗ, ಮೆಟ್ಟಿಲು, ಚೀಲ, ಕೂಗು. ಇವುಗಳಲ್ಲಿ ಒಂದನ್ನೂ ಬಿಡಬೇಡಿ.

4. ಲಯಕ್ಕೆ ಕೂರಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಲಯವೇ ಇಲ್ಲದೆ, ಒಂದು ಸಾಲಿಗೆ ಒಂದು ಕೆಲಸ ಅಂತ ಇಟ್ಟುಕೊಂಡು ಬಿಡಿಬಿಡಿಯಾಗಿ ಬರೆದರೂ ಕವಿತೆ ಆಗುತ್ತದೆ. ಆದರೆ ಮೊದಲ ಸಲ ಬರೆಯುವವರಿಗೆ ಒಂದು ಅಳತೆ ಇದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅಳತೆ ಇದ್ದಾಗ ಯಾವ ಪದ ಹೆಚ್ಚಾಯಿತು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಅಳತೆಯ ಹೆಸರು ಮಾತ್ರೆ. ಒಂದು ಅಕ್ಷರ ಹೇಳಲು ಹಿಡಿಯುವ ಹೊತ್ತು ಅದು. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಗುರುತಿಸುವುದು ಸುಲಭ. ಹ್ರಸ್ವವಾದರೆ ಲಘು: ಮ, ಕಿ, ದು. ದೀರ್ಘವಾದರೆ ಗುರು: ಬೀ, ಹಾ, ನೋ. ಐ, ಔ ಸ್ವರಗಳೂ ಗುರು. ಸೊನ್ನೆ ಇರುವ ಅಕ್ಷರ ಗುರು: "ನಿಂತು" ಪದದ ನಿಂ. ಮುಂದೆ ಒತ್ತಕ್ಷರ ಬಂದರೆ ಹಿಂದಿನ ಅಕ್ಷರ ಗುರು: "ಮೆಟ್ಟಿಲು" ಅಂದಾಗ ಟ್ಟಿ ಬರುವುದರಿಂದ ಮೆ ಗುರು. ಹೊಸಬರು ಇಲ್ಲಿ ತಪ್ಪಿ ಟ್ಟಿ ಅನ್ನೇ ಗುರು ಮಾಡುತ್ತಾರೆ. ಹಾಗಲ್ಲ, ಅದರ ಹಿಂದಿನದು. ಇನ್ನೊಂದು ತಪ್ಪು, ದೀರ್ಘವೂ ಆಗಿ ಮುಂದೆ ಒತ್ತೂ ಇದ್ದರೆ ಮೂರು ಮಾತ್ರೆ ಎಣಿಸುವುದು. "ಹೊತ್ತಾಯ್ತು" ಪದದ ತ್ತಾ ಎರಡೇ ಮಾತ್ರೆ. ಗುರು ಎಂದೂ ಎರಡನ್ನು ದಾಟುವುದಿಲ್ಲ.

ಈ ಕವಿತೆಗೆ ಐದು ಮಾತ್ರೆಯ ನಡೆ ತೆಗೆದುಕೊಳ್ಳೋಣ. ಐದು ಮಾತ್ರೆಯ ಒಂದು ಗುಂಪಿಗೆ ಗಣ ಅನ್ನುತ್ತಾರೆ. ಒಂದು ಸಾಲಿಗೆ ನಾಲ್ಕು ಗಣ, ಒಟ್ಟು 20 ಮಾತ್ರೆ. ಛಂದಸ್ಸಿನಲ್ಲಿ ಲಲಿತ ರಗಳೆಯ ನಡೆ ಅನ್ನುವುದು ಇದನ್ನೇ. ಮೂರು ಮಾತ್ರೆಯ ನಡೆ ಕುಣಿಯುತ್ತದೆ. ಐದರದು ಮಾತಿಗೆ ಹತ್ತಿರ, ಅದಕ್ಕೇ ಮನೆಯ ಸಂಗತಿಗೆ ಒಗ್ಗುತ್ತದೆ.

ಟಿಪ್ಪಣಿಯ ಮೊದಲ ಮಾತನ್ನು ಹಾಗೇ ಸಾಲು ಮಾಡಿ ನೋಡೋಣ:

ಬೀಗ ಹಾಕಿ ನೀನು ಮತ್ತೆ ಮತ್ತೆ ಎಳೆದು ನೋಡುತ್ತೀಯ

"ಬೀಗ ಹಾ" ಅಂದರೆ ಎರಡು, ಒಂದು, ಎರಡು, ಒಟ್ಟು ಐದು. ಸರಿ. ಮುಂದೆ "ಕಿ ನೀನು" ನಾಲ್ಕೇ ಆಯಿತು. ಇನ್ನೊಂದು ಅಕ್ಷರ ಸೇರಿಸೋಣ ಅಂದರೆ ಬರುವುದು "ಮತ್ತೆ" ಪದದ ಮ. ಮುಂದೆ ಒತ್ತು ಇರುವುದರಿಂದ ಅದು ಗುರು, ಆಗ ಆರಾಗುತ್ತದೆ. ಗಣ ಮುರಿಯಿತು. ಜೋರಾಗಿ ಓದಿದರೂ ಅಲ್ಲೇ ನಾಲಿಗೆ ತಡವರಿಸುತ್ತದೆ. ಸಾಲೂ ಉದ್ದವಾಗಿದೆ.

ಸರಿ ಮಾಡುವುದು ಹೇಗೆ? "ನೋಡುತ್ತೀಯ" ಅಂದಾಗಲೇ ನೀನು ಅನ್ನುವುದು ಬಂದಾಯಿತು, ಹಾಗಾಗಿ "ನೀನು" ತೆಗೆಯಬಹುದು. "ಮತ್ತೆ ಮತ್ತೆ" ಮುಂದಿನ ಸಾಲಿನ ಕೆಲಸ. "ಹಾಕಿ" ಅನ್ನುವುದನ್ನು "ಹಾಕಿದ ಮೇಲೆ" ಮಾಡಿದರೆ:

ಬೀಗ ಹಾ | ಕಿದ ಮೇಲೆ | ಎಳೆದು ನೋ | ಡುತ್ತೀಯ

ನಾಲ್ಕೂ ಕಡೆ ಐದೈದು. ಗೆರೆ ಪದದ ನಡುವೆ ಬಿದ್ದಿದೆ ಅಂತ ಗಾಬರಿ ಬೇಡ. ಗಣ ಕಿವಿಗೆ, ಪದ ಕಣ್ಣಿಗೆ. ಬರೆಯುವಾಗ ಗೆರೆ ಇರುವುದಿಲ್ಲ. ಎರಡನೇ ಸಾಲು:

ಮೂರು ಮೆ | ಟ್ಟಿಲು ಇಳಿದು | ಮತ್ತೆ ಹ | ತ್ತುತ್ತೀಯ

ಇಲ್ಲೂ ಅದೇ ಲೆಕ್ಕ. ಮೆ ಮತ್ತು ಹ ಎರಡಕ್ಕೂ ಮುಂದೆ ಒತ್ತು ಇರುವುದರಿಂದ ಅವು ಗುರು. ಬೆರಳಿನಲ್ಲಿ ಎಣಿಸಿ ಒಮ್ಮೆ ನೋಡಿ, ಆಮೇಲೆ ನಿಮ್ಮ ಸಾಲಿಗೆ ಹೋಗಿ. ಒಂದು ಸಾಲು ಕೂತ ಮೇಲೆ ಉಳಿದವನ್ನು ಅದೇ ಧಾಟಿಯಲ್ಲಿ ಬಾಯಲ್ಲಿ ಗುನುಗುತ್ತಾ ಹುಡುಕಿ, ಕಾಗದದಲ್ಲಿ ಎಣಿಸುತ್ತಾ ಅಲ್ಲ. ಎಣಿಕೆ ಪರೀಕ್ಷೆಗೆ ಮಾತ್ರ.

ಮಾತ್ರೆ ಕೂರಿಸಲು "ಬೀಗವ", "ನಿನ್ನಯ", "ಮನೆಯೊಳು" ಅಂತ ಪದ ಎಳೆಯುವ ಚಪಲ ಬರುತ್ತದೆ. ಊಟದ ಹೊತ್ತಿನಲ್ಲಿ ಹಾಗೆ ಮಾತಾಡುವುದಿಲ್ಲ ಅಂದಮೇಲೆ ಇಲ್ಲೂ ಬೇಡ. ಪದವನ್ನು ಹಿಗ್ಗಿಸುವ ಬದಲು ಬೇರೆ ಪದ ಹುಡುಕಿ.

5. ಯಾರು ಯಾರಿಗೆ ಹೇಳುತ್ತಿದ್ದಾರೆ, ನೋಡಿಕೊಳ್ಳಿ

ಕವಿತೆ ಅಂದ ಕೂಡಲೇ ನಾವೆಲ್ಲ "ಎಳೆಯುವೆ", "ಕಾಯುವೆ", "ಕರೆಯುವೆ" ಅಂತ ಬರೆಯತೊಡಗುತ್ತೇವೆ. ಇದರಲ್ಲಿ ಒಂದು ತೊಡಕಿದೆ. "ಕಾಯುವೆ" ಅಂದರೆ ಕಾಯುವುದು ನಾನೋ ನೀನೋ? ಎರಡೂ ಆಗಬಹುದು. ಇಬ್ಬರೇ ಇರುವ ಕವಿತೆಯಲ್ಲಿ ಇದು ದೊಡ್ಡ ಗೊಂದಲ. ಬೀಗ ಎಳೆಯುವವರು ಯಾರು, ಕೆಳಗೆ ನಿಂತವರು ಯಾರು ಅಂತ ಓದುವವರು ತಡಕಾಡುತ್ತಾರೆ. "ಎಳೆಯುತ್ತೀಯ", "ಕರೆಯುತ್ತೇನೆ" ಅಂತ ದಿನದ ಮಾತಿನ ರೂಪ ಬಳಸಿ, ಗೊಂದಲ ಇರುವುದಿಲ್ಲ.

ಮನೆಯಲ್ಲಿ ಸಂಗಾತಿಯನ್ನು "ನೀವು" ಅನ್ನುತ್ತೀರಾದರೆ ಕವಿತೆಯಲ್ಲೂ "ನೀವು" ಇರಲಿ. "ನೋಡುತ್ತೀಯ" ಬದಲು "ನೋಡುತ್ತೀರಿ" ಅಂದರೂ ಮಾತ್ರೆ ಅಷ್ಟೇ. ಕವಿತೆಗೆಂದು ಒಂದು ದಿನ ಇದ್ದಕ್ಕಿದ್ದಂತೆ "ನೀನು" ಅಂದರೆ, ಇಲ್ಲವೇ ಎಂದೂ ಕರೆಯದ "ಇನಿಯ", "ನಲ್ಲೆ" ತಂದರೆ, ಓದುವವರಿಗೆ ಇದು ಬೇರೆ ಯಾರಿಗೋ ಬರೆದದ್ದು ಅನ್ನಿಸುತ್ತದೆ.

6. ಪ್ರಾಸಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ

ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ ಅಂತ್ಯಪ್ರಾಸ, ಅಂದರೆ ಸಾಲಿನ ಕೊನೆಯ ಸದ್ದು ಹೊಂದುವುದು, ತಾನಾಗಿ ಸಿಗುತ್ತದೆ. ನೋಡುತ್ತೀಯ, ಹತ್ತುತ್ತೀಯ. ಎರಡು ಸಾಲಿಗೆ ಚೆಂದ. ಎಂಟಕ್ಕೆ ಎಂಟೂ ಹೀಗೇ ಬಂದರೆ ಕಿವಿ ಬೇಸರ ಪಡುತ್ತದೆ. ಹಾಗಾಗಿ ಒಂದೆರಡು ಸಾಲನ್ನು ಕ್ರಿಯಾಪದ ಮುಗಿಯದ ಜಾಗದಲ್ಲಿ ಕತ್ತರಿಸಿ, ಮಾತು ಮುಂದಿನ ಸಾಲಿಗೆ ಹರಿಯಲಿ. "ನಾನು ಕೆಳಗಡೆ ನಿಂತು" ಅಂತ ಸಾಲು ನಿಲ್ಲಿಸಿದರೆ, ನಿಂತು ಏನು ಮಾಡಿದಳು ಅನ್ನುವ ಕುತೂಹಲ ಓದುಗರನ್ನು ಕೆಳಗೆ ಎಳೆಯುತ್ತದೆ. ಪ್ರಾಸಕ್ಕಾಗಿ ನಡೆಯದ ಸಂಗತಿಯನ್ನು ತರುವುದಂತೂ ಬೇಡವೇ ಬೇಡ.

7. ಕೊನೆಯ ಸಾಲು, ಆಮೇಲೆ ಶೀರ್ಷಿಕೆ

ಇಷ್ಟು ಮಾಡಿದ ಮೇಲೆ ಕವಿತೆ ಹೀಗೆ ನಿಲ್ಲುತ್ತದೆ:

ಬೀಗ ಹಾಕಿದ ಮೇಲೆ ಎಳೆದು ನೋಡುತ್ತೀಯ.
ಮೂರು ಮೆಟ್ಟಿಲು ಇಳಿದು ಮತ್ತೆ ಹತ್ತುತ್ತೀಯ.
ಕೈಯಲ್ಲಿ ಚೀಲಗಳು, ನಾನು ಕೆಳಗಡೆ ನಿಂತು
ಹೊತ್ತಾಯ್ತು ಬಾ ಎಂದು ಕೂಗಿ ಕರೆಯುತ್ತೇನೆ.

ಇಂದು ನಾನೊಬ್ಬಳೇ ಹೊರಗೆ ಹೊರಟಿದ್ದಾಗ
ಬೀಗ ಹಾಕಿದೆ. ಎಳೆದೆ. ಮೂರು ಮೆಟ್ಟಿಲು ಇಳಿದೆ.
ಹೊತ್ತಾಯ್ತು ಬಾ ಎಂದು ಕರೆಯುವವರಿರಲಿಲ್ಲ.
ಮತ್ತೆ ಹತ್ತಿದೆ, ಬೀಗ ನಿನ್ನಂತೆ ಎಳೆದೆ.

ಬರೆಯುವವನು ಗಂಡಸಾದರೆ "ನಾನೊಬ್ಬನೇ" ಮಾಡಿಕೊಳ್ಳಿ, ಮಾತ್ರೆ ಬದಲಾಗುವುದಿಲ್ಲ. ಟಿಪ್ಪಣಿಯ "ಮೊನ್ನೆ" ಇಲ್ಲಿ "ಇಂದು" ಆಗಿರುವುದನ್ನೂ ಗಮನಿಸಿ. ದಿನ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ, ಹತ್ತಿರದ್ದು ಅನ್ನಿಸಿದರೆ ಸಾಕು. ಇಷ್ಟು ಬದಲಾವಣೆ ಮಾಡಿಕೊಳ್ಳಬಹುದು.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. "ನಿನ್ನಂತೆ" ಅನ್ನುವ ಪದ ಬೇಕೇ? ಅವನಂತೆಯೇ ಎಳೆದಳು ಅನ್ನುವುದು ಆರನೇ ಸಾಲಿನಲ್ಲೇ ಓದುವವನಿಗೆ ತಿಳಿದುಹೋಗಿದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಅವನು ತಾನೇ ಕಂಡುಕೊಂಡ ಖುಷಿಯನ್ನು ಕಿತ್ತುಕೊಂಡ ಹಾಗೆ. ಅದೇ ಜಾಗಕ್ಕೆ ಅದೇ ಐದು ಮಾತ್ರೆಯ "ಇನ್ನೊಮ್ಮೆ" ಹಾಕಿ:

ಮತ್ತೆ ಹತ್ತಿದೆ; ಬೀಗ ಇನ್ನೊಮ್ಮೆ ಎಳೆದೆ.

ಈಗ ಸಾಲಿನಲ್ಲಿ ಬರೀ ಕೆಲಸ ಇದೆ. ಈ ಸಾಲು ಎರಡು ಮಾತ್ರೆ ಗಿಡ್ಡ ಅನ್ನುವುದನ್ನು ನೋಡಿದಿರಾ? ಕೊನೆಯ ಗಣದಲ್ಲಿ "ಎಳೆದೆ" ಅನ್ನುವ ಮೂರೇ ಮಾತ್ರೆ ಇದೆ. ಅದು ಬೇಕೆಂದೇ ಬಿಟ್ಟದ್ದು. ಉಳಿದ ಏಳು ಸಾಲು ತುಂಬಿರುವುದರಿಂದ ಇಲ್ಲಿ ದನಿ ಥಟ್ಟನೆ ನಿಲ್ಲುತ್ತದೆ. ನಡುವಿನ ಸಾಲಿನಲ್ಲಿ ಹೀಗೆ ಮಾಡಿದರೆ ಮಾತ್ರ ತಪ್ಪಿನ ಥರ ಕೇಳುತ್ತದೆ.

ಈ ಕರಡಿನಲ್ಲಿ ಇನ್ನೂ ಒಂದು ಅಪಾಯ ಉಳಿದಿದೆ. "ಕರೆಯುವವರಿರಲಿಲ್ಲ" ಅನ್ನುವುದನ್ನು ಓದಿ, ಸಂಗಾತಿ ತೀರಿಹೋಗಿದ್ದಾರೋ ಬಿಟ್ಟುಹೋಗಿದ್ದಾರೋ ಅಂತ ಯಾರಾದರೂ ತಿಳಿಯಬಹುದು. ಬರೆದವರಿಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಅವರಿಗೆ ಸಂಗತಿ ಗೊತ್ತು. ಒಳಗೆ ಇನ್ನೊಂದು ಸಾಲು ಸೇರಿಸಿ ವಿವರಿಸುವ ಬದಲು ಈ ಕೆಲಸವನ್ನು ಶೀರ್ಷಿಕೆಗೆ ಕೊಡಿ. "ನೀನು ಊರಲ್ಲಿಲ್ಲದ ದಿನ" ಅಂತ ಮೇಲೆ ಬರೆದರೆ ಸಾಕು, ಅವನು ವಾಪಸ್ ಬರುತ್ತಾನೆ ಅನ್ನುವುದು ಅದರಲ್ಲೇ ಇದೆ. "ಪ್ರೀತಿ", "ಬಂಧ" ಅನ್ನುವ ಶೀರ್ಷಿಕೆಗಳು ಯಾವ ಕವಿತೆಗೂ ಆಗುತ್ತವೆ, ಹಾಗಾಗಿ ನಿಮ್ಮದಕ್ಕೆ ಆಗುವುದಿಲ್ಲ.

8. ಜೋರಾಗಿ ಓದಿ, ಒಂದು ದಿನ ಬಿಡಿ, ಕೊಡಿ

ಯಾರೂ ಇಲ್ಲದಾಗ ಎರಡು ಸಲ ಜೋರಾಗಿ ಓದಿ. ಎರಡು ಸಲವೂ ಒಂದೇ ಜಾಗದಲ್ಲಿ ನಾಲಿಗೆ ತಡೆದರೆ ಅಲ್ಲಿ ಮಾತ್ರೆ ಎಣಿಸಿ. ಎಣಿಕೆ ಸರಿಯಿದ್ದೂ ತಡೆಯುತ್ತಿದ್ದರೆ ಆ ಪದ ನಿಮ್ಮ ಮಾತಿನದಲ್ಲ, ಬದಲಾಯಿಸಿ. ಒಂದು ದಿನ ಮುಟ್ಟದೆ ಇಟ್ಟು, ಮರುದಿನ ಮತ್ತೆ ನೋಡಿ. ಆಮೇಲೆ ಕೈಯಲ್ಲೇ ಬರೆದು ಕೊಡಿ. ಮೆಸೇಜಿನಲ್ಲಿ ಕಳಿಸಿದರೆ ಸಾಲು ಎಲ್ಲೆಂದರಲ್ಲಿ ಮುರಿದು, ಇಷ್ಟು ಹೊತ್ತು ಕೂರಿಸಿದ ಲಯ ಕಾಣದೇ ಹೋಗುತ್ತದೆ.

ಕೊಡುವಾಗ "ಇದು ನನ್ನ ಮೊದಲ ಪ್ರಯತ್ನ", "ಇದರ ಅರ್ಥ ಏನಂದ್ರೆ" ಅಂತ ಪೀಠಿಕೆ ಹಾಕಬೇಡಿ. ಓದಲು ಬಿಡಿ. "ಮೂರಲ್ಲ, ನಾನು ನಾಲ್ಕು ಮೆಟ್ಟಿಲು ಇಳೀತೀನಿ" ಅಂತ ಅವರು ವಾದಕ್ಕೆ ಇಳಿದರೆ ಎರಡನೇ ಸಾಲಿನಲ್ಲೂ ಆರನೇ ಸಾಲಿನಲ್ಲೂ "ನಾಲ್ಕು" ಅಂತ ತಿದ್ದಿಕೊಡಿ. "ನಾಲ್ಕು" ಪದಕ್ಕೂ ಮೂರೇ ಮಾತ್ರೆ.